ತಂಗಿ ಹಾಕಿದ ಪಾಲಿನ ದಾವೆ: ರಾಜಿಗೂ ವಿಚಾರಣೆಗೂ ಮುಂಚೆ ಗುಂಟೆಯ ಲೆಕ್ಕ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಅಜ್ಜನ ಕಾಲದ 3 ಎಕರೆ 24 ಗುಂಟೆ ಅಡಿಕೆ ತೋಟ. 1998ರಲ್ಲಿ ಅಪ್ಪಯ್ಯ, ನಾನು, ತಮ್ಮ ಮೂವರೂ ಸಮನಾಗಿ ಪಾಲುಪಟ್ಟಿ ಮಾಡಿಕೊಂಡೆವು. ರಿಜಿಸ್ಟರ್ ಮಾಡಿಸಿಲ್ಲ, ಪಹಣಿ ಮಾತ್ರ 2000ದಲ್ಲಿ ಬೇರೆಬೇರೆಯಾಗಿದೆ. ಅಮ್ಮ 2006ರಲ್ಲಿ, ಅಪ್ಪಯ್ಯ 2011ರಲ್ಲಿ ತೀರಿಕೊಂಡರು. ವಿಲ್ ಇಲ್ಲ. ಅಪ್ಪಯ್ಯ ನನ್ನ ಜೊತೆಗಿದ್ದಿದ್ದರಿಂದ ಅವರ ಪಾಲನ್ನೂ ನಾನೇ ಮಾಡಿಕೊಂಡು ಬರುತ್ತಿದ್ದೇನೆ. ಈಗ ತಂಗಿ ಮೂರನೇ ಒಂದು ಪಾಲು ಕೇಳಿ ದಾವೆ ಹಾಕಿದ್ದಾಳೆ. ಕಳೆದ ತಿಂಗಳು ಸಮನ್ಸ್ ಬಂತು. ₹22 ಲಕ್ಷ ಕೊಟ್ಟರೆ ಬಿಟ್ಟುಕೊಡುತ್ತೇನೆ ಅನ್ನುತ್ತಾಳೆ. ಮದುವೆಗೆ ಚಿನ್ನ, ಖರ್ಚು ಎಲ್ಲ ನಾವೇ ಮಾಡಿದ್ದು. 2005ರಲ್ಲಿ ಅಪ್ಪಯ್ಯ ಸೊಸೈಟಿಯಲ್ಲಿ ಇಡೀ ತೋಟದ ಮೇಲೆ ಸಾಲ ತೆಗೆದಿದ್ದರು, ಅದಕ್ಕೆ ನಾವೂ ಸಹಿ ಹಾಕಿದ್ದೆವು. ನಮ್ಮ ಕಡೆ ತೋಟ ಎಕರೆಗೆ ₹30 ಲಕ್ಷದ ಆಸುಪಾಸಿನಲ್ಲಿದೆ. ರಾಜಿಯಾಗಲೋ, ಕೇಸು ನಡೆಸಲೋ?

ಉತ್ತರ: ನೀವು ಕೇಸು ಗೆದ್ದರೂ ತಂಗಿಯ ಪಾಲು ಸೊನ್ನೆಯಾಗುವುದಿಲ್ಲ. ನಿಮ್ಮ ಪತ್ರದಲ್ಲಿ ಕಾಣದೇ ಹೋದ ಸಂಗತಿ ಇದೊಂದೇ, ಉಳಿದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ತೋಟವನ್ನು ಗುಂಟೆಗೆ ಇಳಿಸಿ ನೋಡಿ. ಒಟ್ಟು 144 ಗುಂಟೆ. ಎಕರೆಗೆ ₹30 ಲಕ್ಷವೆಂದರೆ ಗುಂಟೆಗೆ ₹75 ಸಾವಿರ, ಇಡೀ ತೋಟಕ್ಕೆ ₹1 ಕೋಟಿ 8 ಲಕ್ಷ. ಈಗ ನಿಮ್ಮ ಕೈಯಲ್ಲಿ ನಿಮ್ಮ 48 ಮತ್ತು ಅಪ್ಪಯ್ಯನ 48 ಸೇರಿ 96 ಗುಂಟೆ ಇದೆ. ತಮ್ಮನ ಕೈಯಲ್ಲಿ 48.

ಪಾಲುಪಟ್ಟಿ ನಿಂತಿತು ಎಂದೇ ಇಟ್ಟುಕೊಳ್ಳಿ. ಆಗ ನಿಮ್ಮ 48, ತಮ್ಮನ 48 ಭದ್ರ. ಆದರೆ ಅಪ್ಪಯ್ಯನ 48 ಗುಂಟೆ ಅವರು ವಿಲ್ ಇಲ್ಲದೆ ತೀರಿಕೊಂಡ ದಿನವೇ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ ಮೂವರು ಮಕ್ಕಳಿಗೂ ಸಮನಾಗಿ, ತಲಾ 16 ಗುಂಟೆಯಂತೆ ಬಂದಿದೆ. ಯಾರು ನೋಡಿಕೊಂಡರು, ಯಾರ ಜೊತೆ ಇದ್ದರು ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ಅಂದರೆ ನೀವು ಪೂರ್ತಿ ಗೆದ್ದ ದಿನವೂ ನಿಮಗೆ 64, ತಮ್ಮನಿಗೆ 64, ತಂಗಿಗೆ 16.

ಪಾಲುಪಟ್ಟಿ ಬಿದ್ದರೆ ಮೂವರಿಗೂ 48.

ಹಾಗಾಗಿ ವಿಚಾರಣೆಯಲ್ಲಿ ನೀವು ಕಾದಾಡುವುದು 64ಕ್ಕೂ 48ಕ್ಕೂ ನಡುವಿನ 16 ಗುಂಟೆಗೆ, ಹಣದಲ್ಲಿ ₹12 ಲಕ್ಷಕ್ಕೆ. ಈಗ ಮಾಡುತ್ತಿರುವ 96ರಲ್ಲಿ 32 ಗುಂಟೆ ಎರಡೂ ದಾರಿಯಲ್ಲಿ ಹೋಗುತ್ತದೆ. ಇನ್ನೊಂದು ಮಾತು. ತಮ್ಮ ನಿಮ್ಮ ಪಕ್ಷ ಅಂದುಕೊಂಡಿದ್ದೀರಿ. ಅವನ ಲೆಕ್ಕ ಬೇರೆ. ದಾವೆ ಸೋತರೂ ಅವನಿಗೆ ಈಗಿರುವ 48 ಉಳಿಯುತ್ತದೆ, ಗೆದ್ದರೆ ನಿಮ್ಮ ಸ್ವಾಧೀನದಿಂದ ಇನ್ನೂ 16 ಸಿಗುತ್ತದೆ. ಕಳೆದುಕೊಳ್ಳುವವರು ನೀವೊಬ್ಬರೇ. ಇದನ್ನು ತಮ್ಮನಿಗೆ ಅವನ ವಕೀಲರು ಇಂದಲ್ಲ ನಾಳೆ ಹೇಳಿಯೇ ಹೇಳುತ್ತಾರೆ.

ಇನ್ನು ಪಾಲುಪಟ್ಟಿಯ ಬಲಾಬಲ. 2005ರ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಮಗನಂತೆ ಸಹಭಾಗಿ, ಅಂದರೆ ಕುಟುಂಬದ ಆಸ್ತಿಯಲ್ಲಿ ಸಮಪಾಲುದಾರಳು, ಮಾಡಿತು. ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು, ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕು ಎಂಬ ಷರತ್ತೂ ಇಲ್ಲ ಎಂದಿತು. ಮಗಳಿಗೆ ಮದುವೆಯಾಗಿದೆಯೇ ಎಂಬ ಪ್ರಶ್ನೆಯೂ ಏಳುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ವಿಭಾಗವನ್ನು ಕಾಯ್ದೆ ಮುಟ್ಟುವುದಿಲ್ಲ, ಆದರೆ ಅದು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆಗಿರಬೇಕು. ನಿಮ್ಮದು ಎರಡೂ ಅಲ್ಲ. ಉಳಿದಿರುವುದು ಅದೇ ತೀರ್ಪು ತೆರೆದಿಟ್ಟ ಸಣ್ಣ ಬಾಗಿಲು: ಬಾಯಿಮಾತಿನ ವಿಭಾಗವಾದರೂ ಸಾರ್ವಜನಿಕ ದಾಖಲೆಗಳಿಂದ ಗಟ್ಟಿಯಾಗಿ ರುಜುವಾತಾದರೆ, ಅಪರೂಪದ ಪ್ರಕರಣಗಳಲ್ಲಿ ಒಪ್ಪಬಹುದು. ಬರೀ ಸಾಕ್ಷಿಗಳ ಬಾಯಿಮಾತನ್ನು ಒಪ್ಪುವಂತಿಲ್ಲ.

ಆ ಬಾಗಿಲಲ್ಲಿ ನಿಮ್ಮನ್ನು ಒಳಗೆ ಬಿಡುವುದು ಪಹಣಿ ಬೇರೆಮಾಡಿದ 2000ದ ಮ್ಯುಟೇಶನ್. ಮ್ಯುಟೇಶನ್‌ನಿಂದ ಹಕ್ಕು ಹುಟ್ಟುವುದಿಲ್ಲ, ಅದು ಕಂದಾಯಕ್ಕಾಗಿ ಮಾಡುವ ನಮೂದು, ನಿಜ. ಆದರೆ ಜಗಳವೇ ಇಲ್ಲದ ಕಾಲದಲ್ಲಿ, 2005ರ ತಿದ್ದುಪಡಿಗೆ ಐದು ವರ್ಷ ಮೊದಲೇ ಮೂರು ಪಹಣಿ ಆಗಿದೆ ಎನ್ನುವುದು ಒಳ್ಳೆಯ ಸಾಕ್ಷ್ಯ. ಆ ಮ್ಯುಟೇಶನ್ ರಿಜಿಸ್ಟರಿನ ಪ್ರತಿ ತೆಗೆಸಿ, ಷರಾದಲ್ಲಿ 'ವಿಭಾಗದ ಮೇರೆಗೆ' ಎಂದಿದೆಯೋ 'ಅರ್ಜಿ ಮೇರೆಗೆ' ಎಂದಷ್ಟೇ ಇದೆಯೋ ನೋಡಿ. ಮೊದಲನೆಯದಾದರೆ ನಿಮ್ಮ ಬಲ ಹೆಚ್ಚುತ್ತದೆ. ತಮ್ಮ ತನ್ನ ಅಡಿಕೆಯನ್ನು 2000ದಿಂದಲೇ ತನ್ನ ಹೆಸರಿನಲ್ಲಿ ಮಾಮ್ಕೋಸ್‌ಗೋ ಮಂಡಿಗೋ ಹಾಕಿದ ಪಟ್ಟಿಗಳಿದ್ದರೆ ಅವೂ ಬೇಕು. ಒಂದೇ ಒಲೆಯಲ್ಲಿ ಬೇಯಿಸಿ, ಒಂದೇ ಹೆಸರಿನಲ್ಲಿ ಮಾರಿದ್ದರೆ ಕಷ್ಟ.

ಪಾಲುಪಟ್ಟಿಯ ಒಕ್ಕಣೆಯನ್ನೂ ಓದಿ. 'ಈ ಹಿಂದೆಯೇ ಪಂಚರ ಸಮಕ್ಷಮ ಭಾಗವಾಗಿದ್ದು, ನೆನಪಿಗಾಗಿ ಬರೆದಿಟ್ಟ ಪಟ್ಟಿ' ಎಂದಿದ್ದರೆ ಅದಕ್ಕೆ ನೋಂದಣಿ ಬೇಡ. 'ಈ ದಿವಸ ಈ ಪತ್ರದ ಮೂಲಕ ಭಾಗ ಮಾಡಿಕೊಂಡಿರುತ್ತೇವೆ' ಎಂದಿದ್ದರೆ ಆ ಕಾಗದವೇ ವಿಭಾಗ ಮಾಡಿದಂತೆ. ನೋಂದಣಿಯಿಲ್ಲದೆ ಅದನ್ನು ಪಾಲಿನ ರುಜುವಾತಿಗೆ ಓದುವಂತಿಲ್ಲ. ಅದರ ಮೇಲೆ ಮುದ್ರಾಂಕ ಶುಲ್ಕ ಕಡಿಮೆಯಿದೆ ಎಂದು ಎದುರು ವಕೀಲರು ಎದ್ದು ನಿಂತರೆ ಕೋರ್ಟು ಕಾಗದವನ್ನು ತಡೆಹಿಡಿಯುತ್ತದೆ, ಕಡಿಮೆ ಬಿದ್ದ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ. ದಂಡ ಕಟ್ಟಿದರೆ ಮುದ್ರಾಂಕದ ದೋಷ ಹೋಗುತ್ತದೆಯೇ ಹೊರತು ನೋಂದಣಿಯ ದೋಷ ಹೋಗುವುದಿಲ್ಲ. ಎಷ್ಟೋ ಜನ ದಂಡ ಕಟ್ಟಿ, ಕೋರ್ಟು ಕಾಗದಕ್ಕೆ ದಾಖಲೆಯ ಗುರುತು ಹಾಕಿತೆಂದು ಗೆದ್ದಂತೆ ಮನೆಗೆ ಹೋಗುವುದು ಇಲ್ಲೇ.

ನಿಮಗೆ ದೊಡ್ಡ ಪೆಟ್ಟು ಬೀಳುವುದು 2005ರ ಸಾಲದಿಂದ. ಏಳು ವರ್ಷ ಮೊದಲೇ ಪಾಲಾಗಿದ್ದರೆ ಅಪ್ಪಯ್ಯ ಇಡೀ 144 ಗುಂಟೆಯನ್ನು ಹೇಗೆ ಅಡಮಾನ ಮಾಡಿದರು? ನೀವಿಬ್ಬರೂ ಯಾವ ಅರ್ಥದಲ್ಲಿ ಸಹಿ ಹಾಕಿದಿರಿ? ಪಾಟೀಸವಾಲಿನಲ್ಲಿ ಮೊದಲು ಬರುವ ಪ್ರಶ್ನೆ ಇದೇ. ಸೊಸೈಟಿಯಿಂದ ಆ ಅಡಮಾನ ಪತ್ರದ ನಕಲು ತಂದು ನೋಡಿ. 'ನಮ್ಮ ಜಂಟಿ ಕುಟುಂಬದ ಸ್ವತ್ತು' ಎಂದು ಬರೆದು ಕೊಟ್ಟಿದ್ದರೆ ಪಾಲುಪಟ್ಟಿ ಕಾಗದದಲ್ಲಿ ಮಾತ್ರ ಇತ್ತು ಎಂಬ ವಾದಕ್ಕೆ ನಿಮ್ಮದೇ ಸಹಿ ಇದ್ದಂತೆ. ಮೂವರೂ ತಂತಮ್ಮ ಸರ್ವೆ ಭಾಗ ನಮೂದಿಸಿ, ಬೇರೆಬೇರೆ ಮಾಲೀಕರಾಗಿ ಒಟ್ಟಿಗೆ ಜಾಮೀನು ಕೊಟ್ಟಿದ್ದರೆ ಅದೇ ಪತ್ರ ನಿಮ್ಮ ಪರ ಮಾತಾಡುತ್ತದೆ. 2011ರ ನಂತರ ಪೌತಿ ಖಾತೆಗೆ ಕೊಟ್ಟ ಅರ್ಜಿ, ವಂಶವೃಕ್ಷ, ಅಫಿಡವಿಟ್‌ಗಳನ್ನೂ ಹೀಗೇ ಹುಡುಕಿ. ವಂಶವೃಕ್ಷದಲ್ಲಿ ತಂಗಿಯ ಹೆಸರು ಬಿಟ್ಟಿದ್ದರೆ ನಿಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಜವಾಬು ಬರೆಸುವಾಗ ಒಂದು ಬಲೆಯಿದೆ. 'ಇದು ತಂದೆಯ ಸ್ವಯಾರ್ಜಿತ, ವಾದಿಗೆ ಹಕ್ಕಿಲ್ಲ' ಎಂಬ ಸಾಲನ್ನು ರೂಢಿಯಂತೆ ಹಾಕಿಬಿಡುತ್ತಾರೆ. ಸ್ವಯಾರ್ಜಿತವಾಗಿದ್ದರೆ 1998ರಲ್ಲಿ ನಿಮಗೆ ಪಾಲೇ ಇರಲಿಲ್ಲ. ಆಗ ಇಡೀ 144 ಗುಂಟೆ ಅಪ್ಪಯ್ಯನದೇ, ಮೂವರಿಗೂ 48. ಅಜ್ಜನಿಗೆ ತೋಟ ಹೇಗೆ ಬಂತು ಎಂಬುದನ್ನೂ ಇದೇ ಕಾರಣಕ್ಕೆ ಈಗಲೇ ತಿಳಿದುಕೊಳ್ಳಿ. ಅದು ಅಜ್ಜನ ಸ್ವಂತ ಗಳಿಕೆಯಾಗಿದ್ದು, ಅವರು 1956ರ ನಂತರ ವಿಲ್ ಇಲ್ಲದೆ ತೀರಿಕೊಂಡಿದ್ದರೆ, ಅಪ್ಪಯ್ಯನ ಕೈಗೆ ಬಂದ ಪಾಲು ಅವರ ಪ್ರತ್ಯೇಕ ಆಸ್ತಿ ಎನಿಸಿಕೊಳ್ಳಬಹುದು, ಪಾಲುಪಟ್ಟಿಯ ಬುಡವೇ ಅಲ್ಲಾಡಬಹುದು. ಗೇಣಿ ಜಮೀನಾಗಿ ಭೂ ನ್ಯಾಯಮಂಡಳಿಯಿಂದ ಒಬ್ಬರ ಹೆಸರಿಗೆ ಬಂದದ್ದಾದರೆ, ಮೂಲ ಗೇಣಿ ಕುಟುಂಬದ್ದಾಗಿತ್ತೇ ಎಂಬುದು ತನಿಖೆಯ ವಿಷಯ.

ಮದುವೆಯ ಚಿನ್ನದ ಮಾತನ್ನು ಬಿಡಿ. ಅದು ಪಾಲಿನಲ್ಲಿ ವಜಾ ಆಗುವುದಿಲ್ಲ. ವರದಕ್ಷಿಣೆ ಕೊಟ್ಟಿದ್ದೇವೆ ಎಂದು ಜವಾಬಿನಲ್ಲಿ ಬರೆದರೆ ಕೊಟ್ಟದ್ದೂ ಅಪರಾಧ ಎಂಬುದು ನೆನಪಿರಲಿ. ಅಪ್ಪಯ್ಯ ಹೋಗಿ ಹನ್ನೆರಡು ವರ್ಷ ದಾಟಿದೆ, ಕಾಲಮಿತಿ ಮೀರಿದೆ ಎಂಬ ವಾದವೂ ಬಲಹೀನ. ಸಹಹಕ್ಕುದಾರ ಒಬ್ಬನೇ ಮಾಡಿಕೊಂಡಿದ್ದ ಮಾತ್ರಕ್ಕೆ ಉಳಿದವರನ್ನು ಹೊರಹಾಕಿದಂತಲ್ಲ. 'ನಿನಗೆ ಇಲ್ಲಿ ಹಕ್ಕಿಲ್ಲ' ಎಂದು ಅವಳಿಗೆ ಗೊತ್ತಾಗುವಂತೆ ನಿರಾಕರಿಸಿದ ದಿನದಿಂದ ಹನ್ನೆರಡು ವರ್ಷ ಎಣಿಸಬೇಕು.

ಇಷ್ಟನ್ನೂ ತೂಗಿ, ನೀವು ಹೇಳಿದ ಸಂಗತಿಗಳ ಮೇಲೆ ಪಾಲುಪಟ್ಟಿ ನಿಲ್ಲುವ ಸಂಭವವನ್ನು ನೂರಕ್ಕೆ 40 ಎನ್ನುತ್ತೇನೆ. ಇದು ಅಂದಾಜು. ಅಡಮಾನ ಪತ್ರದ ಒಕ್ಕಣೆ ಪರವಾಗಿದ್ದರೆ 60ಕ್ಕೆ ಏರೀತು, ವಿರುದ್ಧವಾಗಿದ್ದರೆ 20ಕ್ಕೆ ಇಳಿದೀತು.

ಈಗ ಹಣಕ್ಕೆ ಬನ್ನಿ. ಗೆದ್ದರೆ ನಿಮ್ಮದು 64 ಗುಂಟೆ, ₹48 ಲಕ್ಷ. ಸೋತರೆ 48 ಗುಂಟೆ, ₹36 ಲಕ್ಷ. 40ಕ್ಕೆ 60ರಂತೆ ತೂಗಿದರೆ ₹40 ಲಕ್ಷ 80 ಸಾವಿರ. ವಕೀಲರ ಫೀ, ನಕಲು, ಕಮಿಷನರ್ ಭತ್ಯೆ, ಮೇಲ್ಮನವಿ ಎಲ್ಲ ಸೇರಿ ₹3 ಲಕ್ಷ ಹಿಡಿಯೋಣ. ಪಾಲಿನ ದಾವೆಯಲ್ಲಿ ಗೆದ್ದವರಿಗೆ ಎದುರಾಳಿಯಿಂದ ಖರ್ಚು ಕೊಡಿಸುವುದು ಕಡಿಮೆ, ಅವರವರ ಖರ್ಚು ಅವರವರಿಗೆ. ವಿಚಾರಣೆಯ ದಾರಿಯ ಬೆಲೆ ನಿಮ್ಮ ಮಟ್ಟಿಗೆ ₹37 ಲಕ್ಷ 80 ಸಾವಿರ. ತಂಗಿಯದನ್ನು ಹೀಗೇ ತೂಗಿದರೆ ₹26 ಲಕ್ಷ 40 ಸಾವಿರ ಬರುತ್ತದೆ. ಅವಳು ಕೇಳಿದ 22 ಗಾಳಿಯಲ್ಲಿ ಹೇಳಿದ ಅಂಕಿಯಲ್ಲ.

ರಾಜಿಯ ಬೆಲೆ ತಮ್ಮನ ಮೇಲೆ ನಿಂತಿದೆ. ಅಪ್ಪಯ್ಯನ ಪಾಲಿನಲ್ಲಿ ಅವನಿಗೆ 8 ಗುಂಟೆ ಬಿಟ್ಟು 56 ಮಾಡಿಕೊಟ್ಟು, ತಂಗಿಗೆ ₹22 ಲಕ್ಷ ನೀವು ಕೊಟ್ಟರೆ ನಿಮ್ಮಲ್ಲಿ 88 ಗುಂಟೆ ಉಳಿಯುತ್ತದೆ. ₹66 ಲಕ್ಷದಲ್ಲಿ 22 ಕಳೆದರೆ 44. ವಿಚಾರಣೆಗಿಂತ ₹6 ಲಕ್ಷಕ್ಕೂ ಹೆಚ್ಚು. ಈ ಹಂಚಿಕೆಯಲ್ಲಿ ತಂಗಿಗೆ ₹28 ಲಕ್ಷದವರೆಗೆ ಕೊಟ್ಟರೂ ನಿಮಗೆ ನಷ್ಟವಿಲ್ಲ. ಪಾಲುಪಟ್ಟಿ ನಿಲ್ಲುವ ಸಂಭವ 70 ಎಂದು ಹಿಡಿದರೂ ₹24 ಲಕ್ಷದ ತನಕ ರಾಜಿಯೇ ಮೇಲು. ಆದರೆ ತಮ್ಮ 'ನನಗೆ 16 ಗುಂಟೆಯೂ ಬೇಕು, ಹಣ ಕೊಡುವುದಿಲ್ಲ' ಎಂದರೆ ನಿಮಗುಳಿಯುವುದು 80 ಗುಂಟೆ, ₹60 ಲಕ್ಷ. ಅದರಲ್ಲಿ 22 ಹೋದರೆ 38. ವಿಚಾರಣೆಯ ದಾರಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ.

ಆದ್ದರಿಂದ ತಂಗಿಯ ಜೊತೆ ಚೌಕಾಸಿ ಮಾಡುವ ಮುಂಚೆ ತಮ್ಮನ ಜೊತೆ ಕೂತುಕೊಳ್ಳಿ. 56 ಗುಂಟೆಯೆಂದರೆ ಅವನಿಗೆ ₹42 ಲಕ್ಷ, ಅದೂ ಕೈಯಿಂದ ಕಾಸು ಬಿಚ್ಚದೆ. ದಾವೆ ನಡೆದರೆ ಅವನ ತೂಕದ ಲೆಕ್ಕವೂ ನಿಮ್ಮಂತೆ ₹40 ಲಕ್ಷ 80 ಸಾವಿರವೇ, ಅದರಲ್ಲಿ ಖರ್ಚು ಬೇರೆ ಹೋಗಬೇಕು. ಅವನು 16 ಗುಂಟೆಯನ್ನೇ ಹಿಡಿದು ಕೂತರೆ ಹೆಚ್ಚಿನ 8 ಗುಂಟೆಯ ₹6 ಲಕ್ಷವನ್ನು ತಂಗಿಯ ಹಣಕ್ಕೆ ಅವನೂ ಸೇರಿಸಲಿ.

'ಸ್ವಾಧೀನ ನನ್ನದು, ಕೇಸು ಎಳೆದಷ್ಟೂ ನನಗೇ ಲಾಭ' ಎನ್ನುವ ಯೋಚನೆ ಇದ್ದರೆ ಅದಕ್ಕೂ ಲೆಕ್ಕವಿದೆ. ಪಾಲು ಕೊಡದೆ ಅನುಭವಿಸಿದ ಅವಧಿಯ ಉತ್ಪನ್ನವನ್ನು ತಂಗಿ ಕೇಳಬಹುದು. ಕೋರ್ಟು ಬೇರೆ ವಿಚಾರಣೆ ಇಟ್ಟು ಅದನ್ನು ನಿಗದಿ ಮಾಡುತ್ತದೆ. ಎಕರೆಗೆ 6 ಕ್ವಿಂಟಲ್ ಒಣ ಅಡಿಕೆ, ಕ್ವಿಂಟಲಿಗೆ ₹45 ಸಾವಿರ, ಅರ್ಧ ಖರ್ಚು ಎಂದು ಹಿಡಿದರೆ, ಅವಳ ಪಾಲು 48 ಗುಂಟೆಯಾದಾಗ ವರ್ಷಕ್ಕೆ ₹1 ಲಕ್ಷ 60 ಸಾವಿರದಷ್ಟು. ಆರು ವರ್ಷಕ್ಕೆ ₹9 ಲಕ್ಷ 70 ಸಾವಿರ. ಮೇಲಿನ ತೂಕದಲ್ಲಿ ಇದನ್ನು ಸೇರಿಸಿಲ್ಲ, ಏಕೆಂದರೆ ಅದು ನೀವು ಪಡೆದ ಹಣವೇ. ಆದರೆ ಅಷ್ಟರಲ್ಲಿ ಅದು ಖರ್ಚಾಗಿರುತ್ತದೆ, ಕೊಡಬೇಕಾದದ್ದು ಒಟ್ಟಿಗೆ. ಕೊಳೆರೋಗ, ಎಲೆಚುಕ್ಕೆ ಬಂದ ವರ್ಷ ಇಳುವರಿ ಬಿದ್ದಿತ್ತು ಎನ್ನಲು ಮಾರಾಟದ ಪಟ್ಟಿ, ಔಷಧಿ ಬಿಲ್ಲು, ಕೊನೆಗಾರರ ಕೂಲಿಯ ಲೆಕ್ಕ ಬೇಕು. ಬರೆದಿಡದ ಖರ್ಚನ್ನು ಕೋರ್ಟು ನಂಬುವುದಿಲ್ಲ. ಇಂದಿನಿಂದಲೇ ಒಂದು ಪುಸ್ತಕ ಮಾಡಿ.

ಇನ್ನೊಂದು, ಪಾಲಿನ ದಾವೆ ತೀರ್ಪಿಗೆ ಮುಗಿಯುವುದಿಲ್ಲ. ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಅದು ಯಾರಿಗೆ ಎಷ್ಟು ಅಂಶ ಎಂದಷ್ಟೇ ಹೇಳುತ್ತದೆ. ಅದಕ್ಕೆ ಆಗಲೇ ಮೇಲ್ಮನವಿ ಹಾಕದಿದ್ದರೆ, ಅಂತಿಮ ಡಿಕ್ರಿಯ ಮೇಲಿನ ಮೇಲ್ಮನವಿಯಲ್ಲಿ ಅಂಶದ ತಕರಾರು ಎತ್ತಲು ಬರುವುದಿಲ್ಲ. ಯಾವ ಬದಿ ಯಾರಿಗೆ ಎಂಬುದು ಅಂತಿಮ ಡಿಕ್ರಿಯ ಹಂತ. ಕಂದಾಯ ಕಟ್ಟುವ ಜಮೀನನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಅಥವಾ ಅವರ ಕೈಕೆಳಗಿನ ಅಧಿಕಾರಿಯ ಮೂಲಕ ಅಳೆದು ಬಿಡಿಸಬೇಕು. ಅಡಿಕೆ ತೋಟ ಗುಂಟೆಯ ಮೇಲೆ ಸಮವಾಗುವಂಥದ್ದಲ್ಲ. ಕೆರೆ, ಬೋರ್‌ವೆಲ್ ಇರುವ ಬದಿ, ಗಾಡಿ ಬರುವ ದಾರಿ, ನೀರು ನಿಲ್ಲುವ ತಗ್ಗು, ಬಸಿಗಾಲುವೆ ಯಾರ ಪಾಲಿನಲ್ಲಿ ಹಾಯುತ್ತದೆ, ಫಲ ಬರುವ ಮರ ಎಲ್ಲಿ, ಎಳೆ ಸಸಿ ಎಲ್ಲಿ ಎಂಬುದೆಲ್ಲ ಅಲ್ಲಿ ಜಗಳಕ್ಕೆ ಬರುತ್ತದೆ. ನೀವು ಹಾಕಿಸಿದ ಬೋರ್, ಹೊಸದಾಗಿ ನೆಟ್ಟ ಮರ ಇರುವ ಬದಿಯನ್ನೇ ನಿಮಗೆ ಕೊಡಲು ಕೇಳಬಹುದು, ಬಿಲ್ಲುಗಳಿದ್ದರೆ. ರಾಜಿಯಲ್ಲಿ ಈ ಎರಡನೇ ಸುತ್ತು ತಪ್ಪುತ್ತದೆ. ತಂಗಿ ನೆಲ ಕೇಳದೆ ಹಣ ಕೇಳಿರುವುದರಿಂದ ನಿಮ್ಮ ತೋಟ ಸೀಳುವುದೂ ತಪ್ಪುತ್ತದೆ. ಇದಕ್ಕೆ ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸಿಲ್ಲ, ಆದರೆ ನನ್ನ ಸಲಹೆ ರಾಜಿಯ ಕಡೆ ವಾಲಲು ಇದೂ ಒಂದು ಕಾರಣ.

ರಾಜಿ ಕೆಡುವುದು ಬರವಣಿಗೆಯಲ್ಲಿ. ದಾವೆ ಇರುವಾಗ ಹೊರಗೆ ಛಾಪಾ ಕಾಗದದಲ್ಲಿ ಬರೆದುಕೊಂಡು ಹಣ ಕೊಡಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶ, 3ನೇ ನಿಯಮದಂತೆ ರಾಜಿ ಅರ್ಜಿ ಬರೆಸಿ, ಮೂವರೂ ಸಹಿ ಮಾಡಿ, ಮಧ್ಯಸ್ಥಿಕೆ ಕೇಂದ್ರದಲ್ಲೋ ಲೋಕ ಅದಾಲತ್‌ನಲ್ಲೋ ದಾಖಲಿಸಿ. ಲೋಕ ಅದಾಲತ್ ಆದೇಶದ ಮೇಲೆ ಮೇಲ್ಮನವಿ ಇಲ್ಲ. ಅಪ್ರಾಪ್ತ ಮಕ್ಕಳು ದಾವೆಯಲ್ಲಿ ಪಕ್ಷಕಾರರಾಗಿದ್ದರೆ ಅವರ ಪರ ರಾಜಿಗೆ ಕೋರ್ಟಿನ ಅನುಮತಿ ಬರಹದಲ್ಲಿ ಬೇಕು. ಇಲ್ಲದಿದ್ದರೆ ಮುಂದೆ ಅವರು ಅದನ್ನು ರದ್ದು ಮಾಡಿಸಬಹುದು. ತಮ್ಮನಿಗೆ ಬಿಡುವ 8 ಗುಂಟೆ ಸರ್ವೆ ನಂಬರಿನ ತುಂಡಾಗುವುದರಿಂದ ಮೊದಲೇ ಅಳೆಸಿ, ತುಂಡಿನ ಗಡಿ ತೋರಿಸುವ 11ಇ ನಕ್ಷೆ ಮಾಡಿಸಿ, ಅರ್ಜಿಗೆ ಲಗತ್ತಿಸಿ. 'ಪೂರ್ವದ ಬದಿ 8 ಗುಂಟೆ' ಎಂದಷ್ಟೇ ಬರೆದರೆ ಪೋಡಿ ಮಾಡುವಾಗ ಮತ್ತೆ ಜಗಳ.

ದಾವೆಯ ಷೆಡ್ಯೂಲಿನಲ್ಲಿರುವ ಸ್ವತ್ತಿನ ಬಗ್ಗೆ, ಮೊದಲೇ ಇದ್ದ ಹಕ್ಕಿನ ಮೇಲೆ ಆದ ರಾಜಿ ಡಿಕ್ರಿಗೆ ನೋಂದಣಿ ಬೇಡ. ಷೆಡ್ಯೂಲಿನಲ್ಲಿ ಇಲ್ಲದ ಮನೆಯನ್ನೋ ಕಣವನ್ನೋ ಸೇರಿಸಿದರೆ ಆ ಮಟ್ಟಿಗೆ ನೋಂದಣಿ ಬೇಕು. ಮನೆಯೂ ಅಜ್ಜನದೇ ಆಗಿದ್ದರೆ ಅದರಲ್ಲೂ ಅವಳಿಗೆ ಹಕ್ಕಿದೆ. ಈ 22 ಲಕ್ಷದಲ್ಲಿ ಮನೆಯೂ ಸೇರಿದೆಯೇ ಎಂದು ಈಗಲೇ ಬಾಯಿಬಿಟ್ಟು ಕೇಳಿ. ಸೊಪ್ಪಿನ ಬೆಟ್ಟ ಸರ್ಕಾರದ್ದು, ತೋಟಕ್ಕೆ ಅಂಟಿದ ಸವಲತ್ತು ಮಾತ್ರ. ಅದನ್ನು ಪಾಲು ಮಾಡಲು ಬರುವುದಿಲ್ಲ, ಸೊಪ್ಪು ದರಗು ತರುವ ಅನುಕೂಲ ಯಾರು ಯಾವ ಕಡೆಯಿಂದ ಎಂದು ನಿಮ್ಮಿಬ್ಬರ ನಡುವೆ ಬರೆದುಕೊಂಡರೆ ಸಾಕು.

ಹಣದ ಕಂತನ್ನು ಕೊಯ್ಲಿಗೆ ಹೊಂದಿಸಿ. ರಾಜಿಯ ದಿನ ಡಿಡಿಯಲ್ಲಿ ₹8 ಲಕ್ಷ, ಈ ಸಾಲಿನ ಅಡಿಕೆ ಮಾರಿ ಮಾರ್ಚ್ ಕೊನೆಗೆ 7, ಮುಂದಿನ ಮಾರ್ಚ್‌ಗೆ 7. ದಾವೆ ಬಾಕಿಯಿರುವ ತೋಟದ ಮೇಲೆ ಬ್ಯಾಂಕು, ಸೊಸೈಟಿ ಸಾಲ ಕೊಡಲು ಹಿಂಜರಿಯುತ್ತವೆ, ಆದ್ದರಿಂದ ಮೊದಲ ಕಂತು ಸಾಲವಿಲ್ಲದೆ ಹೊಂದುವಷ್ಟಿರಲಿ. ಕಂತು ತಪ್ಪಿದರೆ ಏನು ಎಂಬುದನ್ನು ಎರಡೂ ಕಡೆಗೆ ಬರೆಸಿ: ಬಾಕಿ ಹಣಕ್ಕೆ ಬಡ್ಡಿ ಮತ್ತು ಇಂತಿಷ್ಟು ಗುಂಟೆಯ ಮೇಲೆ ಭಾರ ಎಂದಿರಲಿ. 'ತಪ್ಪಿದರೆ ರಾಜಿ ರದ್ದು, ಮೂರನೇ ಒಂದು ಪಾಲು' ಎಂಬ ಷರತ್ತಿಗೆ ಮಾತ್ರ ಸಹಿ ಹಾಕಬೇಡಿ. ₹7 ಲಕ್ಷ ಒಂದು ತಿಂಗಳು ತಡವಾಯಿತೆಂದು 48 ಗುಂಟೆ ಹೋಗುತ್ತದೆ.

ಮಾತುಕತೆ ನಡೆಯುತ್ತಿದೆ ಎಂದು ಜವಾಬು ಹಾಕುವುದನ್ನು ಮುಂದೂಡಬೇಡಿ. ಸಮನ್ಸ್ ಬಂದ ದಿನದಿಂದ 30 ದಿನ, ಕಾರಣ ತೋರಿಸಿದರೆ 90 ದಿನ. ನಿಮಗೆ ಒಂದು ತಿಂಗಳು ಆಗಲೇ ಕಳೆದಿದೆ. ಅಡಮಾನ ಪತ್ರದ ನಕಲು, ಮ್ಯುಟೇಶನ್ ಪ್ರತಿ, ಪೌತಿ ಖಾತೆಯ ಕಡತ ಈ ಮೂರನ್ನು ಈ ವಾರವೇ ತೆಗೆಸಿ, ಅವನ್ನು ಓದಿದ ಮೇಲೆ ಜವಾಬು ಬರೆಸಿ. ಮಧ್ಯಸ್ಥಿಕೆಯಲ್ಲಿ ಹೇಳಿದ ಅಂಕಿ ಅಂಶವನ್ನು ಮುಂದೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆದರೆ ವಾಟ್ಸ್ಆಪ್‌ನಲ್ಲಿ ತಂಗಿಗೆ 'ನಿನ್ನ ಪಾಲು ಕೊಡುತ್ತೇನೆ' ಎಂದು ಕಳಿಸಿದ ಸಂದೇಶಕ್ಕೆ ಆ ರಕ್ಷಣೆ ಇಲ್ಲ.